ರಕ್ತ ಏರಿಸಲು ಬರುತ್ತದೆ ಎಂದು ಕಾಗದದಲ್ಲಿ ತೋರಿಸುವುದು ಹೇಗೆ? ನರ್ಸ್‌ಗಳ ವಾರ್ಷಿಕ ಪರಿಶೀಲನೆಯ ಫೈಲ್ ಬಗ್ಗೆ

ಹಲವು ವರ್ಷ ಸೇವೆ ಮಾಡಿದ ಸ್ಟಾಫ್ ನರ್ಸ್‌ಗಳ ಫೈಲ್ ತೆರೆದರೆ ಸಾಮಾನ್ಯವಾಗಿ ಸಿಗುವುದು ಪ್ರಮಾಣಪತ್ರಗಳ ಕಟ್ಟು. ಪ್ಲಾಸ್ಟಿಕ್ ಹಾಳೆಗಳೊಳಗೆ ಒಂದರ ಹಿಂದೆ ಒಂದು: ಕಾರ್ಯಾಗಾರ, ಸಮ್ಮೇಳನ, ವೆಬಿನಾರ್, ನರ್ಸ್‌ಗಳ ದಿನಾಚರಣೆಯ ರಸಪ್ರಶ್ನೆ. ಅದನ್ನೆಲ್ಲ ತಿರುವಿ ಹಾಕಿದರೆ ಅವರು ಎಲ್ಲೆಲ್ಲಿ ಕುಳಿತು ಕೇಳಿದ್ದಾರೆ ಎಂಬುದು ತಿಳಿಯುತ್ತದೆ. ವಾರ್ಡಿನಲ್ಲಿ ಅವರ ಕೈಯಿಂದ ಏನಾಗುತ್ತದೆ ಎಂಬುದು ಮಾತ್ರ ತಿಳಿಯುವುದಿಲ್ಲ. ವಾರ್ಷಿಕ ಪರಿಶೀಲನೆಗೆ ಕುಳಿತವರಿಗೆ ಬೇಕಾಗಿರುವುದು ಆ ಎರಡನೆಯ ಸಂಗತಿ.

ಪೋರ್ಟ್‌ಫೋಲಿಯೊ ಎಂದು ಕರೆಯುವ ಫೈಲಿನ ಕೆಲಸ ಇದೇ. ಒಬ್ಬ ನರ್ಸ್ ‘ಇದು ನನಗೆ ಬರುತ್ತದೆ’ ಎಂದು ಹೇಳಿದರೆ, ಆ ಮಾತಿಗೆ ಆಧಾರವಾಗಿ ನಾಲ್ಕು ಸಂಗತಿಗಳು ಅದರಲ್ಲಿ ಒಂದಕ್ಕೊಂದು ಕೊಂಡಿ ಹಾಕಿಕೊಂಡು ನಿಲ್ಲಬೇಕು. ಎಲ್ಲಿ ಕಲಿತರು, ಮಾಡುವಾಗ ಯಾರು ನೋಡಿದರು, ಆಮೇಲೆ ಎಷ್ಟು ಮಾಡಿದರು, ಮಾಡುತ್ತ ಮಾಡುತ್ತ ಏನು ಬದಲಿಸಿಕೊಂಡರು. ಪ್ರಮಾಣಪತ್ರ ಮೊದಲನೆಯ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ.

ಕರ್ನಾಟಕದಲ್ಲಿ ಈ ಫೈಲ್ ಎರಡು ಕಡೆಯಿಂದ ಬೇಕಾಗುತ್ತದೆ. ಆಸ್ಪತ್ರೆಗಳ ಗುಣಮಟ್ಟ ಅಳೆಯುವ ಎನ್‌ಎಬಿಎಚ್ ಮಂಡಳಿಯ ಮಾನ್ಯತೆ ಪಡೆದ ಆಸ್ಪತ್ರೆಗಳು ಪ್ರತಿ ನರ್ಸ್‌ನ ಅರ್ಹತೆ, ತರಬೇತಿ, ವಾರ್ಷಿಕ ಮೌಲ್ಯಮಾಪನದ ದಾಖಲೆ ಇಡಬೇಕು; ಯಾರು ಯಾವ ಕೆಲಸವನ್ನು ಸ್ವತಂತ್ರವಾಗಿ ಮಾಡಬಹುದು ಎಂದು ನಿಗದಿಪಡಿಸಬೇಕು. ಇನ್ನೊಂದು ಕಡೆ ನೋಂದಣಿಯ ನವೀಕರಣವಿದೆ. ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ಅದು ಐದು ವರ್ಷಕ್ಕೊಮ್ಮೆ, 150 ಗಂಟೆಗಳ ನಿರಂತರ ಶಿಕ್ಷಣದ ಲೆಕ್ಕದೊಂದಿಗೆ. ಅಂದರೆ ವರ್ಷಕ್ಕೆ ಸರಾಸರಿ 30 ಗಂಟೆ. ನವೀಕರಣಕ್ಕೆ ಗಂಟೆಗಳ ಲೆಕ್ಕ ಸಾಕಾಗಬಹುದು. ವಾರ್ಷಿಕ ಪರಿಶೀಲನೆಗೆ ಸಾಕಾಗದು.

ಎಲ್ಲವನ್ನೂ ಹೇಳಹೋದರೆ ಯಾವುದೂ ಸ್ಪಷ್ಟವಾಗದು. ಆದ್ದರಿಂದ ಒಂದೇ ಕೌಶಲವನ್ನು ಹಿಡಿದು ಕೊನೆಯವರೆಗೂ ಹೋಗೋಣ: ರೋಗಿಗೆ ರಕ್ತ ಏರಿಸುವುದು. ವೈದ್ಯಕೀಯ ವಾರ್ಡಿನ ಒಬ್ಬ ಸ್ಟಾಫ್ ನರ್ಸ್ ಎಂದು ಇಟ್ಟುಕೊಳ್ಳಿ. ಮೂರು ವರ್ಷದ ಅನುಭವ, ಸೆಪ್ಟೆಂಬರಿನಲ್ಲಿ ಪರಿಶೀಲನೆ. ಉದಾಹರಣೆಗಾಗಿ ಕಲ್ಪಿಸಿಕೊಂಡವರು, ಆದರೆ ಇಂಥವರು ಪ್ರತಿ ವಾರ್ಡಿನಲ್ಲೂ ಇದ್ದಾರೆ.

ಮೊದಲ ಹಾಳೆ ತರಬೇತಿಯದು. ರಕ್ತನಿಧಿಯವರು ಆಸ್ಪತ್ರೆಯಲ್ಲೇ ನಡೆಸಿದ ಮೂರು ಗಂಟೆಯ ತರಗತಿಯ ಪ್ರಮಾಣಪತ್ರ. ಅದನ್ನು ಸುಮ್ಮನೆ ಸಿಕ್ಕಿಸಿ ಬಿಡಬಾರದು. ಫೈಲಿನ ಮುಂದೆ ಒಂದು ತರಬೇತಿ ಪಟ್ಟಿ ಇರಬೇಕು: ದಿನಾಂಕ, ವಿಷಯ, ನಡೆಸಿದವರು, ಎಷ್ಟು ಗಂಟೆ, ಮತ್ತೆ ಯಾವಾಗ ಮಾಡಬೇಕು. ಈ ಕೊನೆಯ ಅಂಕಣವನ್ನು ಹೆಚ್ಚಿನವರು ಬಿಡುತ್ತಾರೆ. ಹೃದಯ ನಿಂತವರ ಜೀವ ಉಳಿಸುವ ತರಬೇತಿಗೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕೊಡುವ ಬಿಎಲ್‌ಎಸ್ ಕಾರ್ಡಿಗೆ ಎರಡೇ ವರ್ಷ ಆಯುಸ್ಸು. ಜೈವಿಕ ವೈದ್ಯಕೀಯ ತ್ಯಾಜ್ಯದ 2016ರ ನಿಯಮಗಳು ಸಿಬ್ಬಂದಿಗೆ ವರ್ಷಕ್ಕೊಮ್ಮೆಯಾದರೂ ತರಬೇತಿ ಕೊಡಬೇಕೆನ್ನುತ್ತವೆ. ಅವಧಿ ಮುಗಿದ ಕಾರ್ಡು ಫೈಲಿನಲ್ಲಿ ಅಂದವಾಗಿ ಕುಳಿತಿದ್ದರೂ ಲೆಕ್ಕಕ್ಕಿಲ್ಲ.

ಇಲ್ಲಿ ಇನ್ನೊಂದು ಕಿರಿಕಿರಿಯ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಇದರಿಂದ ಒದ್ದಾಡುವವರು ಬಹಳ. ನೋಂದಣಿಯಲ್ಲಿ ತಂದೆಯ ಹೆಸರಿನ ಇನಿಷಿಯಲ್, ಆಧಾರ್‌ನಲ್ಲಿ ಅದೇ ಇನಿಷಿಯಲ್ ಬಿಡಿಸಿ ಬರೆದದ್ದು, ಮದುವೆಯ ನಂತರದ ಪ್ರಮಾಣಪತ್ರಗಳಲ್ಲಿ ಗಂಡನ ಹೆಸರು. ಆನ್‌ಲೈನ್ ಕೋರ್ಸಿಗೆ ನೋಂದಾಯಿಸುವಾಗ ಅವಸರದಲ್ಲಿ ಟೈಪ್ ಮಾಡಿದ ಹೆಸರೇ ಪ್ರಮಾಣಪತ್ರದಲ್ಲಿ ಅಚ್ಚಾಗುತ್ತದೆ. ಆಗ ಅದು ನಿಮ್ಮದೇ ಎಂದು ಸಾಬೀತು ಮಾಡುವ ಹೊಣೆ ನಿಮ್ಮ ಮೇಲೆ ಬೀಳುತ್ತದೆ. ರಾಜ್ಯ ನರ್ಸಿಂಗ್ ಪರಿಷತ್ತಿನ ನೋಂದಣಿಯಲ್ಲಿ ಹೇಗಿದೆಯೋ ಅದೇ ಕಾಗುಣಿತದಲ್ಲಿ ಎಲ್ಲ ಕಡೆ ಹೆಸರು ಕೊಡಿ. ಗಂಟೆಗಳನ್ನು ನಮೂದಿಸದ, ಸಹಿ ಇಲ್ಲದ ಪ್ರಮಾಣಪತ್ರ ಬಂದರೆ ಆ ವಾರವೇ ಆಯೋಜಕರಿಂದ ಸರಿಪಡಿಸಿಕೊಳ್ಳಿ. ಎರಡು ವರ್ಷ ಕಳೆದ ಮೇಲೆ ಅವರು ಸಿಗುವುದಿಲ್ಲ.

ಎರಡನೆಯ ಕೊಂಡಿ ಎಲ್ಲಕ್ಕಿಂತ ತೂಕದ್ದು: ಮಾಡುವಾಗ ಯಾರೋ ಪಕ್ಕದಲ್ಲಿ ನಿಂತು ನೋಡಿದ ದಾಖಲೆ. ಆಸ್ಪತ್ರೆಯ ನರ್ಸಿಂಗ್ ಶಿಕ್ಷಣ ವಿಭಾಗದಲ್ಲಿ ಇದಕ್ಕೆ ಸಾಮಾನ್ಯವಾಗಿ ಚೆಕ್‌ಲಿಸ್ಟ್ ಇರುತ್ತದೆ. ರಕ್ತ ಏರಿಸುವ ಚೆಕ್‌ಲಿಸ್ಟಿನಲ್ಲಿ ವೈದ್ಯರ ಆದೇಶ, ಒಪ್ಪಿಗೆ ಪತ್ರ, ಶುರುವಿಗೆ ಮುಂಚಿನ ವೈಟಲ್ಸ್, ಇಬ್ಬರು ನರ್ಸ್‌ಗಳ ತಪಾಸಣೆ, ಚೀಲದ ಸಂಖ್ಯೆ, ಗುಂಪು, ಅವಧಿ, ಕ್ರಾಸ್‌ಮ್ಯಾಚ್ ವರದಿ, ಇವೆಲ್ಲ ಸಾಲುಗಳಾಗಿರುತ್ತವೆ. ರಕ್ತನಿಧಿಯ ಶೈತ್ಯದಿಂದ ಹೊರಬಂದ 30 ನಿಮಿಷದೊಳಗೆ ಶುರುವಾಗಬೇಕು, ನಾಲ್ಕು ಗಂಟೆಯೊಳಗೆ ಮುಗಿಯಬೇಕು, ಮೊದಲ 15 ನಿಮಿಷ ನಿಧಾನವಾಗಿ ಬಿಟ್ಟು ರೋಗಿಯ ಬಳಿಯೇ ಇರಬೇಕು.

ಇದರಲ್ಲಿ ಒಂದೇ ಸಾಲನ್ನು ಹತ್ತಿರದಿಂದ ನೋಡೋಣ: ರೋಗಿಯ ಗುರುತು. ‘ನೀವು ಲಕ್ಷ್ಮಮ್ಮ ತಾನೇ?’ ಎಂದು ಕೇಳಿದರೆ ನಮ್ಮ ವಾರ್ಡುಗಳಲ್ಲಿ ಅರೆನಿದ್ದೆಯಲ್ಲಿರುವ ಯಾವ ಅಜ್ಜಿಯೂ ‘ಹೂಂ’ ಎನ್ನುತ್ತಾರೆ. ಕಿವಿ ಮಂದವಾಗಿದ್ದರೂ ಹೂಂ, ಸಿಸ್ಟರ್ ಮೇಲಿನ ಮರ್ಯಾದೆಗೂ ಹೂಂ. ‘ನಿಮ್ಮ ಹೆಸರು ಹೇಳಿ ಅಮ್ಮ’ ಎಂದು ಅವರ ಬಾಯಿಂದಲೇ ಹೇಳಿಸಿ, ಕೈಪಟ್ಟಿಯ ಜೊತೆ, ಆಮೇಲೆ ಚೀಲದ ಚೀಟಿಯ ಜೊತೆ ತಾಳೆ ನೋಡಬೇಕು. ಅದನ್ನೂ ಮಂಚದ ಪಕ್ಕದಲ್ಲೇ ಮಾಡಬೇಕು; ನರ್ಸಿಂಗ್ ಸ್ಟೇಷನ್ನಿನ ಮೇಜಿನ ಬಳಿ ಇಬ್ಬರು ಸಹಿ ಹಾಕಿ ಬಂದರೆ ಇಬ್ಬರು ನೋಡಿದಂತೆ ಆಗುವುದಿಲ್ಲ. ಚೀಲ ತಪ್ಪಾದ ರೋಗಿಗೆ ಹೋಗುವ ಅವಘಡ ಬಹುಪಾಲು ಈ ಹಂತದಲ್ಲೇ ಹುಟ್ಟುವುದು.

ಗಮನಿಸಿದವರು ಈ ಸಾಲಿನ ಮುಂದೆ ಬರೀ ಟಿಕ್ ಹಾಕಿ, ಕೆಳಗೆ ‘ಚೆನ್ನಾಗಿದೆ’ ಎಂದು ಬರೆದರೆ ಆ ಹಾಳೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಹೀಗೆ ಬರೆಸಿಕೊಳ್ಳಿ: ‘ರೋಗಿಯ ಬಾಯಿಂದಲೇ ಹೆಸರು ಹೇಳಿಸಿದರು, ಕೈಪಟ್ಟಿ ನೋಡಿದರು. 15 ನಿಮಿಷದ ವೈಟಲ್ಸ್ ತೆಗೆದರು, ಆದರೆ ಆಗಲೇ ಬರೆಯಲಿಲ್ಲ, ಅರ್ಧ ಗಂಟೆ ತಡವಾಗಿ ನೆನಪಿನಿಂದ ಬರೆದರು.’ ತಪ್ಪು ದಾಖಲಾಯಿತಲ್ಲ ಎಂದು ಅಂಜಬೇಕಿಲ್ಲ. ಮೂರು ವಾರದ ನಂತರ ಮತ್ತೊಬ್ಬರು ಗಮನಿಸಿದ ಹಾಳೆಯಲ್ಲಿ ‘ವೈಟಲ್ಸ್ ಆಯಾ ಹೊತ್ತಿಗೇ ದಾಖಲು’ ಎಂದಿದ್ದರೆ, ಆ ಎರಡು ಹಾಳೆಗಳು ಸೇರಿ ಹೇಳುವಷ್ಟನ್ನು ಹತ್ತು ಪರಿಪೂರ್ಣ ಟಿಕ್‌ಗಳು ಹೇಳಲಾರವು. ಬೇರೆ ಬೇರೆ ದಿನ, ಸಾಧ್ಯವಾದರೆ ಬೇರೆ ಬೇರೆ ಪಾಳಿ, ಕನಿಷ್ಠ ಇಬ್ಬರು ಗಮನಿಸಿದವರು: ಇಷ್ಟಿರಲಿ. ಗೆಳತಿಯೊಬ್ಬಳೇ ಮೂರೂ ಹಾಳೆಗೆ ಸಹಿ ಹಾಕಿದ್ದರೆ ನೋಡುವವರಿಗೆ ಗೊತ್ತಾಗದೆ ಇರದು.

ಪರಿಶೀಲನೆಯ ಹಿಂದಿನ ವಾರ ಕುಳಿತು ತುಂಬಿದ ಹಾಳೆಗಳೂ ಹಾಗೆಯೇ ಸಿಕ್ಕಿಬೀಳುತ್ತವೆ. ಹನ್ನೆರಡು ತಿಂಗಳ ದಾಖಲೆ ಒಂದೇ ಪೆನ್ನಿನ ಶಾಯಿಯಲ್ಲಿ, ಒಂದೇ ಬಗೆಯ ಅಕ್ಷರದಲ್ಲಿ ಇರುತ್ತದೆ. ಡ್ಯೂಟಿ ಪಟ್ಟಿ ತೆಗೆದು ನೋಡಿದರೆ ಗಮನಿಸಿದವರು ಆ ದಿನ ರಜೆಯಲ್ಲಿರುತ್ತಾರೆ.

ಮೂರನೆಯ ಕೊಂಡಿ ಸರಳ. ಒಂದು ಲಾಗ್ ಹಾಳೆ: ದಿನಾಂಕ, ವಾರ್ಡು, ಏರಿಸಿದ್ದು ಪ್ಯಾಕ್ಡ್ ಸೆಲ್ಸೋ ಪ್ಲೇಟ್ಲೆಟ್ಸೋ ಪ್ಲಾಸ್ಮಾವೋ, ಸ್ವತಂತ್ರವಾಗಿಯೋ ಮೇಲ್ವಿಚಾರಣೆಯಲ್ಲಿಯೋ, ಏನಾದರೂ ತೊಂದರೆ ಆಯಿತೇ. ರೋಗಿಯ ಹೆಸರಾಗಲಿ ಆಸ್ಪತ್ರೆ ಸಂಖ್ಯೆಯಾಗಲಿ ಬೇಡ. ವಾರ್ಡಿನ ದಾಖಲೆ ಆಡಿಟ್‌ನಲ್ಲಿ ನಿಮ್ಮ ಹಾಳೆಗಳು ಪರೀಕ್ಷೆಗೆ ಬಂದಿದ್ದರೆ ಅದರ ಫಲಿತಾಂಶವನ್ನೂ ಕೇಳಿ ಪಡೆದು ಇದರ ಹಿಂದೆ ಇಡಿ.

ಇನ್ನು ನಾಲ್ಕನೆಯದು, ಎಲ್ಲರೂ ಎಡವುವ ಜಾಗ: ಆತ್ಮಾವಲೋಕನದ ಬರಹ. ನಮ್ಮ ಫೈಲುಗಳಲ್ಲಿ ಅದು ಬಹುತೇಕ ಹೀಗಿರುತ್ತದೆ:

‘ರಕ್ತ ಏರಿಸುವುದು ಬಹಳ ಜವಾಬ್ದಾರಿಯ ಕೆಲಸ. ಈ ಘಟನೆಯಿಂದ ನಾನು ಬಹಳಷ್ಟು ಕಲಿತೆ. ಮುಂದೆ ಇನ್ನೂ ಜಾಗರೂಕಳಾಗಿರುತ್ತೇನೆ ಮತ್ತು ಆಸ್ಪತ್ರೆಯ ನಿಯಮಗಳನ್ನು ತಪ್ಪದೆ ಪಾಲಿಸುತ್ತೇನೆ.’

ಇದನ್ನು ಪರೀಕ್ಷಿಸಲು ಒಂದು ಸುಲಭದ ದಾರಿಯಿದೆ. ‘ರಕ್ತ ಏರಿಸುವುದು’ ಎಂಬಲ್ಲಿ ‘ಇನ್ಸುಲಿನ್ ಕೊಡುವುದು’ ಎಂದು ಹಾಕಿ ಓದಿ. ಒಂದಕ್ಷರವೂ ಬದಲಾಗದೆ ಹೊಂದಿಕೊಂಡರೆ ಅಲ್ಲಿ ಅವಲೋಕನ ನಡೆದೇ ಇಲ್ಲ. ಅದೇ ಘಟನೆಯನ್ನು ನಮ್ಮ ಸ್ಟಾಫ್ ನರ್ಸ್ ಹೀಗೆ ಬರೆದರೆ?

‘ಮಧ್ಯಾಹ್ನದ ಪಾಳಿಯಲ್ಲಿ ಒಬ್ಬ ರೋಗಿಗೆ ಪ್ಯಾಕ್ಡ್ ಸೆಲ್ಸ್ ಶುರು ಮಾಡಿ ಇಪ್ಪತ್ತು ನಿಮಿಷವಾಗಿತ್ತು. ಚಳಿ ಎಂದರು, ನಡುಗತೊಡಗಿದರು. ಶುರುವಿನಲ್ಲಿ 98.4 ಇದ್ದ ಜ್ವರ 100.8 ಆಗಿತ್ತು. ಕೂಡಲೇ ರಕ್ತ ನಿಲ್ಲಿಸಿ ವೈದ್ಯರನ್ನು ಕರೆದೆ. ರಕ್ತನಾಳದ ದಾರಿ ಮುಚ್ಚದಿರಲೆಂದು ನಾರ್ಮಲ್ ಸಲೈನ್ ಬಿಟ್ಟೆ, ಆದರೆ ಅದೇ ಸೆಟ್ಟಿನಲ್ಲಿ. ಸೆಟ್ಟಿನ ಕೊಳವೆಯಲ್ಲಿ ಉಳಿದಿದ್ದ ರಕ್ತವನ್ನು ಸಲೈನ್ ರೋಗಿಯ ಮೈಗೇ ತಳ್ಳುತ್ತಿದೆ ಎಂಬುದು ಇನ್‌ಚಾರ್ಜ್ ಸಿಸ್ಟರ್ ಬಂದು ಸೆಟ್ ಕಳಚಿದಾಗ ಹೊಳೆಯಿತು. ಹೊಸ ಸೆಟ್ ಹಾಕಬೇಕೆಂದು ನನಗೆ ಗೊತ್ತಿರಲಿಲ್ಲವೆಂದಲ್ಲ, ತರಗತಿಯ ಪರೀಕ್ಷೆಯಲ್ಲಿ ಸರಿಯಾಗಿಯೇ ಬರೆದಿದ್ದೆ. ಹೊಸ ಸೆಟ್ ಇದ್ದದ್ದು ಕಾರಿಡಾರಿನ ಆಚೆ ಸ್ಟೋರಿನಲ್ಲಿ. ನಡುಗುತ್ತಿರುವ ರೋಗಿಯನ್ನು ಬಿಟ್ಟು ಹೋಗಲು ಮನಸ್ಸಾಗಲಿಲ್ಲ, ಕೈಗೆ ಸಿಕ್ಕಿದ್ದನ್ನು ಬಳಸಿದೆ. ಈಗ ರಕ್ತದ ಚೀಲ ತರಿಸುವ ಮೊದಲೇ ಟ್ರೇಯಲ್ಲಿ ಹೊಸ ಸೆಟ್ಟೊಂದನ್ನೂ ಸಲೈನನ್ನೂ ಇಟ್ಟುಕೊಳ್ಳುತ್ತೇನೆ.’

ಇಲ್ಲಿ ಒಂದು ವಾಕ್ಯ ಇಡೀ ಬರಹದ ಬೆಲೆಯನ್ನು ಹೊತ್ತಿದೆ: ‘ನನಗೆ ಗೊತ್ತಿರಲಿಲ್ಲವೆಂದಲ್ಲ’. ತಪ್ಪಾದದ್ದು ಅರಿವಿನ ಕೊರತೆಯಿಂದಲ್ಲ, ಸಾಮಾನು ದೂರದಲ್ಲಿ ಇದ್ದುದರಿಂದ. ಹಾಗಾಗಿ ಪರಿಹಾರ ಇನ್ನೊಂದು ತರಗತಿಯಲ್ಲ, ಟ್ರೇ. ಕಾರಣವನ್ನು ಇಷ್ಟು ಹತ್ತಿರದಿಂದ ನೋಡದಿದ್ದರೆ ಆಕೆಯನ್ನು ಮತ್ತೊಮ್ಮೆ ಅದೇ ಮೂರು ಗಂಟೆಯ ತರಗತಿಗೆ ಕಳಿಸುತ್ತಿದ್ದರು. ಫೈಲಿಗೆ ಮತ್ತೊಂದು ಪ್ರಮಾಣಪತ್ರ ಬರುತ್ತಿತ್ತು, ಸೆಟ್ ಮಾತ್ರ ಸ್ಟೋರಿನಲ್ಲೇ ಇರುತ್ತಿತ್ತು. ಅವಲೋಕನ ಫೈಲಿನ ಅಲಂಕಾರವಲ್ಲ ಎನ್ನುವುದಕ್ಕೆ ಕಾರಣ ಇದು: ಮುಂದೆ ಯಾವ ಸಾಕ್ಷ್ಯ ಬೇಕು ಎಂದು ಹೇಳುವುದೇ ಅದು. ಆಕೆ ಇನ್‌ಚಾರ್ಜ್ ಜೊತೆ ಮಾತನಾಡಿ ವಾರ್ಡಿನ ರಕ್ತ ಏರಿಸುವ ಟ್ರೇಯ ಪಟ್ಟಿಯಲ್ಲಿ ಎರಡು ವಸ್ತು ಸೇರಿಸಿದರೆ, ಬದಲಾದ ಆ ಪಟ್ಟಿಯ ಪ್ರತಿಯೇ ಫೈಲಿನ ಮುಂದಿನ ಹಾಳೆ.

ಬರೆಯಲು ತೋಚದವರು ಬ್ರಿಟನ್ನಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್‌ನ ನಮೂನೆಯನ್ನು ನೋಡಬಹುದು. 2016ರ ಏಪ್ರಿಲ್‌ನಿಂದ ಅಲ್ಲಿ ಮೂರು ವರ್ಷಕ್ಕೊಮ್ಮೆ ನಡೆಯುವ ಮರುದೃಢೀಕರಣಕ್ಕೆ ನರ್ಸ್‌ಗಳು 450 ಗಂಟೆಗಳ ಕೆಲಸ, 35 ಗಂಟೆಗಳ ಕಲಿಕೆ, ತಮ್ಮ ಕೆಲಸದ ಬಗ್ಗೆ ಇತರರು ಹೇಳಿದ ಐದು ಅಭಿಪ್ರಾಯ, ಐದು ಅವಲೋಕನದ ಬರಹಗಳನ್ನು ತೋರಿಸಬೇಕು. ಆ 35 ಗಂಟೆಗಳಲ್ಲಿ 20 ಗಂಟೆ ಇತರರ ಜೊತೆ ಕೂಡಿ ಕಲಿತದ್ದಾಗಿರಬೇಕು. ಒಬ್ಬರೇ ಕುಳಿತು ಓದಿದ್ದಕ್ಕೆ ಮಿತಿಯಿದೆ. ಅವಲೋಕನದ ನಮೂನೆ ಕೇಳುವುದು ನಾಲ್ಕೇ ಪ್ರಶ್ನೆ: ಏನು ನಡೆಯಿತು ಅಥವಾ ಏನು ಕಲಿತ ಸಂದರ್ಭ, ಅದರಿಂದ ತಿಳಿದದ್ದೇನು, ಕೆಲಸದಲ್ಲಿ ಏನು ಬದಲಿಸಿದಿರಿ, ವೃತ್ತಿ ಸಂಹಿತೆಯ ಯಾವ ಭಾಗಕ್ಕೆ ಇದು ಸಂಬಂಧಿಸಿದೆ. ನಂತರ ಅದೇ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡ ಇನ್ನೊಬ್ಬರ ಜೊತೆ ಕುಳಿತು ಆ ಬರಹಗಳ ಬಗ್ಗೆ ಮಾತನಾಡಬೇಕು. ಮಂಗಳೂರು, ಬೆಂಗಳೂರಿನ ಕಾಲೇಜುಗಳಿಂದ ಅಲ್ಲಿಗೆ ಹೋದವರಿಗೆ ಗಂಟೆಗಳ ಲೆಕ್ಕ ಕೊಡುವುದು ಕಷ್ಟವೇನಲ್ಲ. ಕಷ್ಟವಾಗುವುದು ಮೂರನೆಯ ಪ್ರಶ್ನೆ.

ನನ್ನದೊಂದು ಸಲಹೆ: ಕರಡನ್ನು ಕನ್ನಡದಲ್ಲೇ ಬರೆಯಿರಿ. ಆಸ್ಪತ್ರೆ ಇಂಗ್ಲಿಷಿನಲ್ಲಿ ಕೇಳಿದರೆ ಆಮೇಲೆ ಬರೆದುಕೊಂಡರಾಯಿತು. ನೇರವಾಗಿ ಇಂಗ್ಲಿಷಿಗೆ ಇಳಿದವರ ಪೆನ್ನು ಪಠ್ಯಪುಸ್ತಕದ ವಾಕ್ಯಗಳ ಕಡೆಗೆ ಎಳೆದುಕೊಂಡು ಹೋಗುವುದನ್ನು ಎಷ್ಟೋ ಫೈಲುಗಳಲ್ಲಿ ನೋಡಿದ್ದೇನೆ. ‘ಬಿಟ್ಟು ಹೋಗಲು ಮನಸ್ಸಾಗಲಿಲ್ಲ’ ಎಂಬ ಮಾತು ಅಲ್ಲಿ ಬರುವುದೇ ಇಲ್ಲ, ಅದಿಲ್ಲದೆ ಕಾರಣವೂ ಕಾಣುವುದಿಲ್ಲ.

ಅವಲೋಕನ ಬರೆಯುವಾಗ ಎರಡು ಎಚ್ಚರ ಬೇಕು. ಮೊದಲನೆಯದು ರೋಗಿಯ ಗುಟ್ಟು. ಹೆಸರು ಬಿಟ್ಟ ಮಾತ್ರಕ್ಕೆ ಗುರುತು ಹೋಗುವುದಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ದಿನಾಂಕ, ಮಂಚದ ಸಂಖ್ಯೆ, ವಯಸ್ಸು, ಜೊತೆಗೆ ಅಪರೂಪದ ಕಾಯಿಲೆಯ ಹೆಸರು ಬರೆದರೆ ಊರಿಗೆಲ್ಲ ಅವರು ಯಾರೆಂದು ತಿಳಿಯುತ್ತದೆ. ‘ಒಬ್ಬ ರೋಗಿ’ ಸಾಕು. ಲಿಂಗ, ವಯಸ್ಸು ಕಲಿಕೆಗೆ ಸಂಬಂಧವಿದ್ದರೆ ಮಾತ್ರ. ಕೇಸ್ ಶೀಟಿನ ಝೆರಾಕ್ಸ್, ಮೊಬೈಲಿನಲ್ಲಿ ತೆಗೆದ ಗಾಯದ ಚಿತ್ರ ಯಾವ ಕಾರಣಕ್ಕೂ ಬೇಡ. ಫೈಲ್ ನಿಮ್ಮದು, ಮನೆಗೆ ಹೋಗುತ್ತದೆ, ಸಂದರ್ಶನಕ್ಕೆ ಬೇರೆ ಆಸ್ಪತ್ರೆಗೂ ಹೋಗುತ್ತದೆ. ಕೇಸ್ ಶೀಟ್ ನಿಮ್ಮದಲ್ಲ. ರೋಗಿಗಳು ಬರೆದುಕೊಟ್ಟ ಮೆಚ್ಚುಗೆಯ ಚೀಟಿಗಳನ್ನು ಇಡುವುದಾದರೆ ಹೆಸರು, ಫೋನ್ ಸಂಖ್ಯೆಯ ಮೇಲೆ ಕಾಗದ ಅಂಟಿಸಿ ಝೆರಾಕ್ಸ್ ಮಾಡಿಸಿ, ಆ ಪ್ರತಿಯನ್ನು ಇಡಿ.

ಎರಡನೆಯದು, ಅವಲೋಕನ ಘಟನಾ ವರದಿಯ ಬದಲಿಗೆ ಬರುವಂಥದ್ದಲ್ಲ. ರಕ್ತಕ್ಕೆ ಪ್ರತಿಕ್ರಿಯೆ ಬಂದಾಗ ರಕ್ತನಿಧಿಗೆ ತಿಳಿಸಿ ಚೀಲವನ್ನೂ ಸೆಟ್ಟನ್ನೂ ರೋಗಿಯ ಹೊಸ ರಕ್ತದ ಮಾದರಿಯನ್ನೂ ಕಳಿಸಬೇಕು, ಆಸ್ಪತ್ರೆಯ ನಮೂನೆಯಲ್ಲಿ ವರದಿ ಕೊಡಬೇಕು. ಅದೆಲ್ಲ ಅದೇ ಪಾಳಿಯಲ್ಲಿ ಮುಗಿಯಬೇಕಾದ ಕೆಲಸ. ಅವಲೋಕನ ಕೆಲವು ದಿನಗಳ ನಂತರ, ಮನಸ್ಸು ತಿಳಿಯಾದ ಮೇಲೆ ಬರೆಯುವುದು. ಅದರಲ್ಲಿ ಬೇರೆಯವರ ತಪ್ಪನ್ನು ಎತ್ತಿ ಆಡಬೇಡಿ. ನಿಮ್ಮ ಕೈಯಲ್ಲಿದ್ದುದನ್ನು ಬರೆಯಿರಿ. ವಿಚಾರಣೆ ನಡೆಯುತ್ತಿರುವ ಪ್ರಕರಣವಾದರೆ ನರ್ಸಿಂಗ್ ಸೂಪರಿಂಟೆಂಡೆಂಟ್ ಅವರ ಜೊತೆ ಮಾತನಾಡದೆ ಬರಹಕ್ಕೆ ಇಳಿಯಬೇಡಿ.

ಈಗ ಫೈಲಿನಲ್ಲಿ ಒಂದೇ ಕೌಶಲಕ್ಕೆ ಏಳೆಂಟು ಹಾಳೆಗಳಾದವು. ಇವನ್ನು ದಿನಾಂಕದ ಕ್ರಮದಲ್ಲಿ ಜೋಡಿಸುವುದು ವಾಡಿಕೆ, ನನಗೆ ಅದು ಒಪ್ಪಿಗೆಯಿಲ್ಲ. ಪರಿಶೀಲಿಸುವವರಿಗೆ ಬೇಕಾದುದು ‘ಮಾರ್ಚಿನಲ್ಲಿ ಏನಾಯಿತು’ ಎಂಬುದಲ್ಲ. ಕೌಶಲಕ್ಕೊಂದು ವಿಭಾಗ ಮಾಡಿ, ಪ್ರತಿ ಹಾಳೆಗೆ ಮೂಲೆಯಲ್ಲಿ ಸಂಖ್ಯೆ ಹಾಕಿ, ವಿಭಾಗದ ಮುಂದೆ ಅರ್ಧ ಪುಟದ ಸೂಚಿ ಇಡಿ: ರಕ್ತ ಏರಿಸುವುದು, ಈಗಿನ ಮಟ್ಟ ಸ್ವತಂತ್ರ, ತರಬೇತಿ ಹಾಳೆ 4, ಗಮನಿಸಿದ ದಾಖಲೆ 5 ಮತ್ತು 6, ಲಾಗ್ 7, ಆಡಿಟ್ 8, ಅವಲೋಕನ 9, ಟ್ರೇ ಪಟ್ಟಿ 10. ಅವಲೋಕನದ ಬರಹದಲ್ಲೂ ‘ಹಾಳೆ 10 ನೋಡಿ’ ಎಂದು ಬರೆದಿದ್ದರೆ ಕೊಂಡಿ ಗಟ್ಟಿಯಾಯಿತು. ನೋಂದಣಿ, ಪದವಿ, ಲಸಿಕೆ ದಾಖಲೆಗಳು ಮೊದಲ ಭಾಗದಲ್ಲಿ ಒಟ್ಟಿಗೆ ಇರಲಿ, ಅವಕ್ಕೆ ಹೆಚ್ಚು ಚಿಂತೆ ಬೇಡ.

ಎಷ್ಟು ಕೌಶಲಗಳಿಗೆ ಹೀಗೆ ಮಾಡುವುದು? ಎಲ್ಲಕ್ಕೂ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ತಾಪಮಾನ ನೋಡಲು ಬರುತ್ತದೆ ಎಂದು ಮೂರು ಹಾಳೆ ಇಟ್ಟವರನ್ನು ಕಂಡಿದ್ದೇನೆ. ನಿಮ್ಮ ವಾರ್ಡಿನಲ್ಲಿ ತಪ್ಪಿದರೆ ಜೀವಕ್ಕೇ ಕುತ್ತಾಗುವ ಕೆಲಸಗಳು ಯಾವುವು, ಈ ವರ್ಷ ಹೊಸದಾಗಿ ಕಲಿತದ್ದು ಯಾವುದು ಎಂದು ಕೇಳಿಕೊಂಡರೆ ನಾಲ್ಕೈದು ಸಿಗುತ್ತವೆ. ತೀವ್ರ ನಿಗಾ ಘಟಕದವರಿಗೆ ವೆಂಟಿಲೇಟರ್ ಮೇಲಿರುವವರ ಆರೈಕೆ, ಹೆರಿಗೆ ವಾರ್ಡಿನವರಿಗೆ ಹೆರಿಗೆಯ ನಂತರದ ರಕ್ತಸ್ರಾವ, ವೈದ್ಯಕೀಯ ವಾರ್ಡಿನವರಿಗೆ ರಕ್ತ, ಇನ್ಸುಲಿನ್, ಪೊಟ್ಯಾಸಿಯಂ. ತಿಂಗಳಿಗೆ ಒಂದು ಹಾಳೆ ಸೇರಿದರೂ ವರ್ಷಕ್ಕೆ ಹನ್ನೆರಡಾಯಿತು.

ಫೈಲಿಗೆ ಮಿತಿಯೂ ಇದೆ, ಪರಿಶೀಲಿಸುವ ಕಡೆ ಕುಳಿತವರು ಅದನ್ನು ಮರೆಯಬಾರದು. ರಾತ್ರಿ ಪಾಳಿಯಲ್ಲೇ ಹೆಚ್ಚು ಕೆಲಸ ಮಾಡುವವರನ್ನು ಗಮನಿಸಲು ಯಾರೂ ಇರುವುದಿಲ್ಲ; ಅವರ ಫೈಲ್ ತೆಳ್ಳಗಿರುತ್ತದೆ, ಕೈ ಮಾತ್ರ ಪಳಗಿರುತ್ತದೆ. ಬರೆಯಲು ಚೆನ್ನಾಗಿ ಬರುವವರ ಫೈಲ್ ಅವರ ಕೆಲಸಕ್ಕಿಂತ ಮೆರುಗಾಗಿ ಕಾಣುವುದೂ ಉಂಟು. ಹೀಗಾಗಿ ಒಳ್ಳೆಯ ಪರಿಶೀಲಕರು ಹಾಳೆ ಓದಿದ ಮೇಲೆ ಒಂದು ಪ್ರಶ್ನೆ ಬಾಯಿಂದ ಕೇಳುತ್ತಾರೆ. ನಮ್ಮ ಸ್ಟಾಫ್ ನರ್ಸ್‌ಗೆ ಬರಬಹುದಾದ ಪ್ರಶ್ನೆ: ‘ರೋಗಿಗೆ ಪ್ರಜ್ಞೆ ಇಲ್ಲ, ಹೆಸರು ಹೇಳಲಾರರು, ಆಗ ಗುರುತು ಹೇಗೆ ನೋಡುತ್ತೀರಿ ಸಿಸ್ಟರ್?’ ಹಾಳೆಗಳು ನಿಜವಾದರೆ ಕೈಪಟ್ಟಿ, ಕೇಸ್ ಶೀಟ್, ಚೀಲದ ಚೀಟಿ, ಜೊತೆಯಲ್ಲಿರುವ ಎರಡನೆಯ ನರ್ಸ್ ಎಂಬ ಉತ್ತರ ತಡವರಿಸದೆ ಬರುತ್ತದೆ.

ಕೊನೆಯ ಹಾಳೆ ಮುಂದಿನ ವರ್ಷದ ಗುರಿಗಳದು. ಅನುಭವಿ ಪರಿಶೀಲಕರು ಮುಂದಿನ ಸಲ ಮೊದಲು ತೆರೆಯುವುದು ಇದನ್ನೇ. ‘ರಕ್ತ ಏರಿಸುವ ಜ್ಞಾನ ಹೆಚ್ಚಿಸಿಕೊಳ್ಳುವುದು’ ಎಂದು ಬರೆದರೆ ಮುಗಿಯಿತೋ ಇಲ್ಲವೋ ಎಂದು ಯಾರೂ ಹೇಳಲಾರರು. ಗುರಿಯ ಜೊತೆಗೇ ಸಾಕ್ಷ್ಯವನ್ನೂ ದಿನವನ್ನೂ ಬರೆಯಿರಿ: ‘ಮಾರ್ಚ್ ಕೊನೆಯೊಳಗೆ, ಹೊಸದಾಗಿ ಸೇರಿದ ಇಬ್ಬರು ರಕ್ತ ಏರಿಸುವಾಗ ಪಕ್ಕದಲ್ಲಿ ನಿಂತು ಗಮನಿಸಿ ಚೆಕ್‌ಲಿಸ್ಟ್ ತುಂಬುತ್ತೇನೆ, ಆ ಎರಡು ಹಾಳೆಗಳ ಪ್ರತಿ ಮತ್ತು ಟ್ರೇಯಲ್ಲಿ ಹೊಸ ಸೆಟ್ ಇತ್ತೇ ಎಂಬ ಆರು ತಿಂಗಳ ವಾರ್ಡ್ ಆಡಿಟ್ ಇಲ್ಲಿ ಸೇರುತ್ತವೆ.’